ಬಾಣಂತಿ ವಾರ್ಡಿನಲ್ಲಿ ಸಿಗುವ ಶೀರ್ಷಿಕೆ

ಎಂ.ಎಸ್ಸಿ. ನರ್ಸಿಂಗ್ ಸೇರಿದ ಕೆಲವೇ ತಿಂಗಳಲ್ಲಿ ಎಲ್ಲ ವಿದ್ಯಾರ್ಥಿಗಳ ತಲೆಗೂ ಒಂದು ಚಿಂತೆ ಹತ್ತಿಕೊಳ್ಳುತ್ತದೆ. ಸಿನಾಪ್ಸಿಸ್ ಕೊಡಬೇಕು, ಅದಕ್ಕೊಂದು ಶೀರ್ಷಿಕೆ ಬೇಕು. ಗೈಡ್ ಮುಂದೆ ನಿಂತು ಹುಡುಗಿ ಹೇಳುತ್ತಾಳೆ: "ಮೇಡಂ, ನಾನು ಎದೆಹಾಲಿನ ಮೇಲೆ ಮಾಡ್ತೀನಿ." ಗೈಡ್ ಕೇಳುತ್ತಾರೆ: "ಎದೆಹಾಲಿನಲ್ಲಿ ಏನಮ್ಮ?" ಉತ್ತರ ಇರುವುದಿಲ್ಲ. ಮಾರನೆಯ ದಿನ ಅವಳು ಲೈಬ್ರರಿಗೆ ಹೋಗಿ ಹಳೆಯ ಪ್ರಬಂಧಗಳನ್ನು ತಿರುವಿ ಹಾಕಿ ಒಂದು ಶೀರ್ಷಿಕೆ ಬರೆದು ತರುತ್ತಾಳೆ. ಬೆಂಗಳೂರು, ಮಂಗಳೂರು, ತುಮಕೂರು, ಯಾವ ಊರಿನ ನರ್ಸಿಂಗ್ ಕಾಲೇಜಿನ ಕಪಾಟು ತೆರೆದರೂ ಅದರದೇ ಅಕ್ಕತಂಗಿಯರು ಸಿಗುತ್ತಾರೆ: ಎದೆಹಾಲುಣಿಸುವ ಕುರಿತು ಆಯ್ದ ಆಸ್ಪತ್ರೆಗಳ ತಾಯಂದಿರ ಜ್ಞಾನದ ಮೇಲೆ ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮಕಾರಿತ್ವದ ಅಧ್ಯಯನ. 'ಎದೆಹಾಲು' ತೆಗೆದು 'ಮಧುಮೇಹ' ಹಾಕಿದರೆ ಇನ್ನೊಂದು ಪ್ರಬಂಧ, 'ರಕ್ತಹೀನತೆ' ಹಾಕಿದರೆ ಮತ್ತೊಂದು.

ಈ ಶೀರ್ಷಿಕೆ ಉದ್ದವಾಗಿದೆ, ಆದರೆ ಕಿರಿದಾಗಿಲ್ಲ. ಎಷ್ಟು ಪದಗಳಿವೆ ಎಂಬುದಕ್ಕೂ ವಿಷಯ ಎಷ್ಟು ಖಚಿತವಾಗಿದೆ ಎಂಬುದಕ್ಕೂ ಸಂಬಂಧವೇ ಇಲ್ಲ. 'ತಾಯಂದಿರು' ಅಂದರೆ ಯಾರು? ನಿನ್ನೆ ಹೆತ್ತವರೋ, ಆರು ತಿಂಗಳ ಕೂಸನ್ನು ಲಸಿಕೆಗೆ ಕರೆತಂದವರೋ? ಬೋಧನೆ ಯಾವಾಗ, ಎಷ್ಟು ಹೊತ್ತು? ಇದಕ್ಕಿಂತ ದೊಡ್ಡ ತೊಡಕು 'ಜ್ಞಾನ' ಎಂಬ ಮಾತಿನಲ್ಲಿದೆ. ಮೂವತ್ತು ಪ್ರಶ್ನೆಗಳ ಹಾಳೆ ಕೊಟ್ಟು, ಅದೇ ಪ್ರಶ್ನೆಗಳ ಉತ್ತರವನ್ನೇ ಪಾಠವಾಗಿ ಹೇಳಿ, ಏಳು ದಿನ ಬಿಟ್ಟು ಅದೇ ಹಾಳೆಯನ್ನು ಮತ್ತೆ ಕೊಟ್ಟರೆ ಅಂಕ ಏರದೆ ಇರುತ್ತದೆಯೇ? ಏರಿಯೇ ಏರುತ್ತದೆ. ಮಗುವಿನ ಹೊಟ್ಟೆಗೆ ಹಾಲು ಹೋಯಿತೇ ಎಂಬುದು ಮಾತ್ರ ಆ ಅಂಕದಿಂದ ತಿಳಿಯುವುದಿಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗೆ ಒಂದು ಹುಡುಗಿಯ ಎರಡು ವರ್ಷದ ಓದನ್ನು ತೆತ್ತಂತಾಗುತ್ತದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಗಾದರೆ 'ಎದೆಹಾಲು' ಎಂಬ ಅಗಲವಾದ ವಿಷಯದಿಂದ ಸಂಶೋಧನೆಗೆ ಒಗ್ಗುವ ಶೀರ್ಷಿಕೆಗೆ ಬರುವುದು ಹೇಗೆ? ಇದೇ ವಿದ್ಯಾರ್ಥಿನಿಯನ್ನು ಕೊನೆಯವರೆಗೆ ಜೊತೆಗಿಟ್ಟುಕೊಂಡು ನೋಡೋಣ. ಅವಳು ಒಬ್ಬಳೇ ಅಲ್ಲ, ಪ್ರತಿ ವರ್ಷ ಕಾಣುವ ಹಲವರನ್ನು ಸೇರಿಸಿ ಮಾಡಿಕೊಂಡ ಉದಾಹರಣೆ. ಅವಳ ಹೊಸ ಆಸ್ಪತ್ರೆಯ ಲೆಕ್ಕಗಳೂ ಉದಾಹರಣೆಗಾಗಿಯೇ.

ಮೊದಲು ಮಾಡಬೇಕಾದದ್ದು ಎಲ್ಲಿ ತೊಂದರೆ ಇದೆ ಎಂದು ಹುಡುಕುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಶೇ. 41.8 ಮಾತ್ರ. ಒಂದು ಗಂಟೆಯೊಳಗೆ ಹಾಲುಣಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಆಸ್ಪತ್ರೆಯೊಳಗೇ, ನರ್ಸ್ ಕಣ್ಣೆದುರೇ ಹೆರಿಗೆಯಾಗಿಯೂ ಹೀಗೇಕೆ? ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ಶೇ. 21.5 ಎಂದಿದೆ. ಹೊಟ್ಟೆ ಕೊಯ್ದು ಹೆರಿಗೆಯಾದ ತಾಯಿ ಅಲುಗಾಡಲಾರಳು, ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿದಿರುವುದಿಲ್ಲ, ಮಗು ಅಜ್ಜಿಯ ಕೈಯಲ್ಲಿ ಇನ್ನೊಂದು ಕೋಣೆಯಲ್ಲಿರುತ್ತದೆ. ಅಷ್ಟರೊಳಗೆ ಯಾರೋ ಜೇನುತುಪ್ಪ ನೆಕ್ಕಿಸಿಯೂ ಆಗಿರುತ್ತದೆ. ಹಾಗಾಗಿ 'ಎಲ್ಲ ತಾಯಂದಿರು' ಎಂಬುದು ಮೊದಲ ಹೆಜ್ಜೆಯಲ್ಲೇ 'ಸಿಸೇರಿಯನ್ ಆದ ತಾಯಂದಿರು' ಎಂದಾಗಬಹುದು.

ಇಲ್ಲಿ ವಿದ್ಯಾರ್ಥಿನಿಗೆ ಸಹಜವಾಗಿಯೇ ಒಂದು ಆಸೆ ಹುಟ್ಟುತ್ತದೆ. ಆ ಒಂದು ಗಂಟೆಯ ಮೇಲೆಯೇ ಅಧ್ಯಯನ ಮಾಡಿಬಿಡುತ್ತೇನೆ, ಓಟಿಯಲ್ಲೇ ಮಗುವನ್ನು ತಾಯಿಯ ಎದೆಗೆ ಕೊಡಿಸಿ ನೋಡುತ್ತೇನೆ ಎಂದು. ಒಳ್ಳೆಯ ಪ್ರಶ್ನೆಯೇ. ಆದರೆ ಓಟಿಯಲ್ಲಿ ಅರಿವಳಿಕೆ ತಜ್ಞರು, ಸರ್ಜನ್, ಮಕ್ಕಳ ವೈದ್ಯರು, ಓಟಿ ಸಿಸ್ಟರ್ ಎಲ್ಲರೂ ಒಪ್ಪಿ ತಮ್ಮ ಪದ್ಧತಿಯನ್ನು ಬದಲಿಸಿಕೊಳ್ಳಬೇಕು. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿಗೆ ಆ ಅಧಿಕಾರ ಇಲ್ಲ, ಅಷ್ಟು ಕಾಲವೂ ಇಲ್ಲ. ವಿಷಯ ಕಿರಿದಾಗಿಸುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಇದೇ: ಈ ತೊಂದರೆಯಲ್ಲಿ ನರ್ಸ್ ತನ್ನ ಕೈಯಿಂದಲೇ ಬದಲಿಸಬಹುದಾದ ಭಾಗ ಯಾವುದು?

ಅದಕ್ಕೆ ಉತ್ತರ ಲೈಬ್ರರಿಯಲ್ಲಿಲ್ಲ, ಬಾಣಂತಿ ವಾರ್ಡಿನಲ್ಲಿದೆ. ಸಿಸೇರಿಯನ್ ಆದ ಮರುದಿನ ಬೆಳಗಿನ ಪಾಳಿಯಲ್ಲಿ ಒಂದು ಮೂಲೆಯಲ್ಲಿ ನಿಂತು ನೋಡಿದರೆ ಸಾಕು. ಚೊಚ್ಚಲ ಬಾಣಂತಿ ಗೋಡೆಗೆ ದಿಂಬು ಒತ್ತಿಟ್ಟು ಕೂತಿದ್ದಾಳೆ. ಮಗುವನ್ನು ಎಲ್ಲರೂ ಮಾಡುವಂತೆ ಮಡಿಲಿನಲ್ಲಿ ಅಡ್ಡ ಮಲಗಿಸಿಕೊಂಡಿದ್ದಾಳೆ. ಮಗುವಿನ ಕಾಲು ಹೊಲಿಗೆಯ ಮೇಲೆ ತಾಗುತ್ತದೆ, ಅವಳು ಹಲ್ಲು ಕಚ್ಚಿ ಸ್ವಲ್ಪ ಹಿಂದೆ ಸರಿಯುತ್ತಾಳೆ, ಮೊಲೆತೊಟ್ಟು ಮಗುವಿನ ಬಾಯಿಂದ ಜಾರುತ್ತದೆ. ಮಗು ಅಳುತ್ತದೆ. ಅತ್ತೆ "ಹಾಲೇ ಇಲ್ಲ ಕಣೇ" ಎನ್ನುತ್ತಾರೆ, ಫಾರ್ಮುಲಾ ಡಬ್ಬಿ ಬರುತ್ತದೆ. ಈ ತಾಯಿಗೆ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ 'ಮೊದಲ ಗಿಣ್ಣುಹಾಲು ಒಳ್ಳೆಯದು, ಆರು ತಿಂಗಳು ಎದೆಹಾಲು ಮಾತ್ರ' ಎಂದು ಪೂರ್ತಿ ಸರಿಯಾಗಿಯೇ ಬರೆದುಕೊಡುತ್ತಿದ್ದಳೇನೋ. ಅವಳಿಗೆ ಕಡಿಮೆಯಾಗಿರುವುದು ಜ್ಞಾನವಲ್ಲ, ಮಗುವನ್ನು ಹಿಡಿದುಕೊಳ್ಳುವ ಅನುಕೂಲ.

ಇದಕ್ಕೆ ನರ್ಸ್ ಬಳಿ ಉಪಾಯವಿದೆ. ಮಗುವನ್ನು ಮಡಿಲಿಗೆ ಅಡ್ಡ ಹಾಕದೆ ತಾಯಿಯ ಪಕ್ಕದಲ್ಲಿ, ಅವಳ ಕಂಕುಳ ಕೆಳಗೆ ಕಾಲು ಹಿಂದಕ್ಕೆ ಬರುವಂತೆ ದಿಂಬಿನ ಮೇಲೆ ಮಲಗಿಸಿ, ಅಂಗೈಯಿಂದ ಕತ್ತಿನ ಹಿಂಭಾಗ ಆಧರಿಸಿ ಹಾಲುಣಿಸುವುದು. ನರ್ಸಿಂಗ್ ಪಠ್ಯಗಳಲ್ಲಿ ಇದನ್ನು ಫುಟ್‌ಬಾಲ್ ಹೋಲ್ಡ್ ಎನ್ನುತ್ತಾರೆ. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಇದನ್ನು ಕಲಿಸಲು ಯಾವ ವೈದ್ಯರ ಆರ್ಡರ್ ಬೇಡ, ಹೊಸ ಉಪಕರಣ ಬೇಡ, ಒಂದು ದಿಂಬು ಸಾಕು. ಕಲಿಸಿದರೆ ನಿಜಕ್ಕೂ ಅನುಕೂಲ ಆಗುತ್ತದೆಯೇ, ಎಷ್ಟು ಆಗುತ್ತದೆ ಎಂಬುದನ್ನು ಅಳೆದು ನೋಡಬಹುದು. ಈಗ ವಿದ್ಯಾರ್ಥಿನಿಯ ಕೈಗೆ ಒಂದು ಪ್ರಶ್ನೆ ಸಿಕ್ಕಿತು.

ಈ ಹಂತದಲ್ಲಿ ಸಂಶೋಧಕರು ಬಳಸುವ ಒಂದು ಚೌಕಟ್ಟು ಇದೆ, ಪಿಕೊ ಎಂದು ಹೆಸರು. ಯಾರ ಮೇಲೆ, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಏನನ್ನು ಅಳೆಯುತ್ತೇವೆ, ಈ ನಾಲ್ಕನ್ನು ಬರೆದುಕೊಳ್ಳುವುದು ಅಷ್ಟೆ. ನಮ್ಮ ಹುಡುಗಿ ಬರೆದದ್ದು ಹೀಗೆ: ಬೆನ್ನಿನ ಅರಿವಳಿಕೆಯಲ್ಲಿ ಸಿಸೇರಿಯನ್ ಆದ, 37 ವಾರ ತುಂಬಿದ ಮಗು ಪಕ್ಕದಲ್ಲೇ ಇರುವ ಚೊಚ್ಚಲ ಬಾಣಂತಿಯರು, ಮೊದಲ 24 ಗಂಟೆಯೊಳಗೆ ಹಾಸಿಗೆಯ ಪಕ್ಕದಲ್ಲೇ 20 ನಿಮಿಷ ಫುಟ್‌ಬಾಲ್ ಹೋಲ್ಡ್ ಕಲಿಸುವುದು, ವಾರ್ಡಿನಲ್ಲಿ ಈಗ ನಡೆಯುತ್ತಿರುವ ಆರೈಕೆಗೆ ಹೋಲಿಕೆ, ಮಗು ಎಷ್ಟು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂಬುದರ ಅಳತೆ. ಚೊಚ್ಚಲ ಬಾಣಂತಿಯರೇ ಏಕೆಂದರೆ, ಮೊದಲೊಂದು ಮಗುವಿಗೆ ಹಾಲುಣಿಸಿದವರ ಅನುಭವ ಲೆಕ್ಕವನ್ನು ಕಲಕುತ್ತದೆ.

ಮೊದಲ ಮೂರು ಸುಲಭವಾಗಿ ಬಂದವು. ನಾಲ್ಕನೆಯದರಲ್ಲಿ ಬಹಳಷ್ಟು ಪ್ರಬಂಧಗಳು ಎಡವುತ್ತವೆ, ಅದಕ್ಕೆ ಸ್ವಲ್ಪ ನಿಧಾನಿಸಿ ನೋಡಬೇಕು. ಹಾಲುಣಿಸುವಿಕೆಯನ್ನು ಅಳೆಯಲು ಲ್ಯಾಚ್ ಎಂಬ ಮಾಪಕ 1994ರಿಂದ ಬಳಕೆಯಲ್ಲಿದೆ. ಅದರಲ್ಲಿ ಐದು ಅಂಶಗಳು: ಮಗು ಮೊಲೆ ಹಿಡಿಯುವ ರೀತಿ, ನುಂಗುವ ಸದ್ದು, ಮೊಲೆತೊಟ್ಟಿನ ಆಕಾರ, ಎದೆಯ ನೋವು ಅಥವಾ ಆರಾಮ, ಮಗುವನ್ನು ಹಿಡಿದುಕೊಳ್ಳಲು ತಾಯಿಗೆ ಬೇಕಾಗುವ ಸಹಾಯ. ಒಂದೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 10. ಹೆಸರಾದ ಮಾಪಕ ಸಿಕ್ಕಿತು ಎಂದು ಸಿನಾಪ್ಸಿಸ್‌ನಲ್ಲಿ ಬರೆದು ಮುಂದಕ್ಕೆ ಹೋಗಿಬಿಡುವುದು ರೂಢಿ. ಆದರೆ ಅಂಶಗಳನ್ನು ಒಂದೊಂದಾಗಿ ನಮ್ಮ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿ. ಕೂರುವ ಭಂಗಿ ಕಲಿಸಿದರೆ ಎರಡು ದಿನದಲ್ಲಿ ಮೊಲೆತೊಟ್ಟಿನ ಆಕಾರ ಬದಲಾಗುವುದಿಲ್ಲ, ಆದ್ದರಿಂದ ಹತ್ತರಲ್ಲಿ ಎರಡು ಅಂಕ ನಮ್ಮ ಕೈಯಲ್ಲಿಲ್ಲ. ಇನ್ನೂ ಸೂಕ್ಷ್ಮವಾದದ್ದು ಐದನೆಯ ಅಂಶ. ತಾಯಿ ಯಾರ ನೆರವೂ ಇಲ್ಲದೆ ಮಗುವನ್ನು ಹಿಡಿದುಕೊಂಡರೆ 2, ಸಿಬ್ಬಂದಿ ಪೂರ್ತಿ ಹಿಡಿದುಕೊಡಬೇಕಾದರೆ 0. ಹಾಗಿರುವಾಗ ಕಲಿಸುತ್ತಾ ಕಲಿಸುತ್ತಾ ಅಲ್ಲೇ ಅಳೆದರೆ ನಮ್ಮ ಸಹಾಯವೇ ಅವಳ ಅಂಕವನ್ನು ಇಳಿಸುತ್ತದೆ! ಅಂದರೆ ಅಳತೆ ಬೇರೆ ಹೊತ್ತಿನಲ್ಲಿ, ನರ್ಸ್ ಕೈ ಹಾಕದೆ ತಾಯಿ ತಾನೇ ಹಾಲುಣಿಸುವಾಗ ಆಗಬೇಕು. ಅದಕ್ಕೆ ಹೆರಿಗೆಯಾದ 48 ಗಂಟೆಗೆ ಎಂದು ನಿಗದಿ ಮಾಡಿಕೊಂಡಳು. ಅಳೆಯುವವರು ಕಲಿಸಿದವಳಲ್ಲದೆ ಬೇರೊಬ್ಬ ನರ್ಸ್ ಆಗಿರಬೇಕು, ಯಾವ ತಾಯಿಗೆ ಕಲಿಸಲಾಗಿದೆ ಎಂದು ಅವರಿಗೆ ಹೇಳಬಾರದು. ತಾನೇ ಕಲಿಸಿ ತಾನೇ ಅಂಕ ಹಾಕಿದರೆ ಮನಸ್ಸು ಯಾವ ಕಡೆ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನೋಡಿ, ಶೀರ್ಷಿಕೆಗೆ ಸೇರಬೇಕಾದ '48 ಗಂಟೆ' ಎಂಬ ಮಾತು ಹುಟ್ಟಿದ್ದು ಮಾಪಕವನ್ನು ಸಾಲು ಸಾಲಾಗಿ ಓದಿದ್ದರಿಂದ.

ಇನ್ನು ಎಷ್ಟು ಜನ ಬೇಕು ಎಂಬ ಲೆಕ್ಕ. "ಎಲ್ಲರೂ 60 ತಗೋತಾರೆ, ನೀನೂ 60 ತಗೋ" ಎಂಬ ಸಲಹೆ ನಮ್ಮ ಕಾಲೇಜುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದು ಲೆಕ್ಕವಲ್ಲ. ಎರಡು ಗುಂಪುಗಳ ಸರಾಸರಿ ಹೋಲಿಸುವಾಗ ಎರಡು ಸಂಗತಿ ತಿಳಿದಿರಬೇಕು: ತಾಯಂದಿರ ಅಂಕಗಳು ಒಬ್ಬರಿಂದೊಬ್ಬರಿಗೆ ಎಷ್ಟು ಚದುರಿರುತ್ತವೆ, ಮತ್ತು ಎಷ್ಟು ಅಂಕದ ವ್ಯತ್ಯಾಸ ಬಂದರೆ ವಾರ್ಡಿನಲ್ಲಿ ಅದಕ್ಕೆ ಬೆಲೆ ಇದೆ. ಮೊದಲನೆಯದು ಹಿಂದಿನ ಅಧ್ಯಯನಗಳಿಂದ ಅಥವಾ ಪೈಲಟ್‌ನಿಂದ ಸಿಗುತ್ತದೆ. ಚದುರುವಿಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 2 ಎಂದಿಟ್ಟುಕೊಳ್ಳಿ. ಒಂದೂವರೆ ಅಂಕದ ವ್ಯತ್ಯಾಸ ಹಿಡಿಯಬೇಕೆಂದರೆ, ರೂಢಿಯ ಶೇ. 95 ವಿಶ್ವಾಸಮಟ್ಟ ಮತ್ತು ಶೇ. 80 ಪವರ್ ಇಟ್ಟುಕೊಂಡಾಗ, ಪ್ರತಿ ಗುಂಪಿಗೆ 28 ತಾಯಂದಿರು ಬೇಕು. ಹತ್ತರಲ್ಲೊಬ್ಬರು ನಡುವೆ ಬಿಟ್ಟುಹೋಗುತ್ತಾರೆ ಎಂದು 32 ಮಾಡಿಕೊಂಡರೆ ಒಟ್ಟು 64. ಒಂದೇ ಅಂಕದ ವ್ಯತ್ಯಾಸವೂ ಕಾಣಬೇಕೆಂದರೆ ಗುಂಪಿಗೆ 28 ಹೋಗಿ 63 ಆಗುತ್ತದೆ. ಈ ಲೆಕ್ಕವನ್ನು ಕಾಲೇಜಿನ ಸ್ಟ್ಯಾಟಿಸ್ಟಿಷಿಯನ್ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಆದರೆ ಸಿನಾಪ್ಸಿಸ್ ಕೊಡುವ ಮೊದಲು ಹೋಗಬೇಕು. ಡೇಟಾ ಹಿಡಿದುಕೊಂಡು ಕೊನೆಗೆ ಹೋದರೆ ಅವರೂ ಏನು ಮಾಡಿಯಾರು?

64 ತಾಯಂದಿರು ಸಿಗುತ್ತಾರೆಯೇ? ಇದಕ್ಕೆ ಊಹೆ ಬೇಡ, ಆಸ್ಪತ್ರೆಯ ಹೆರಿಗೆ ರಿಜಿಸ್ಟರ್ ಮತ್ತು ಓಟಿ ರಿಜಿಸ್ಟರ್ ಇವೆ. ಅನುಮತಿ ಪಡೆದು ಕಳೆದ ಮೂರು ತಿಂಗಳ ಪುಟ ತಿರುವಿದಾಗ ನಮ್ಮ ವಿದ್ಯಾರ್ಥಿನಿಗೆ ಸಿಕ್ಕ ಚಿತ್ರ ಹೀಗಿತ್ತು: ತಿಂಗಳಿಗೆ ಸುಮಾರು 40 ಸಿಸೇರಿಯನ್, ಅವರಲ್ಲಿ ಚೊಚ್ಚಲು 16. ತಿಂಗಳು ತುಂಬದ ಮಕ್ಕಳು, ನವಜಾತ ಶಿಶುಗಳ ಘಟಕಕ್ಕೆ ಹೋದ ಮಕ್ಕಳನ್ನು ಬಿಟ್ಟರೆ ಉಳಿಯುವುದು 12. ಅಂದರೆ 64 ಜನ ಸಿಗಲು ಐದು ತಿಂಗಳು ದಾಟುತ್ತದೆ. ಅವಳಿಗೆ ಸಿಗುವುದು ಎರಡು ತಿಂಗಳು.

ಇಂಥ ಹೊತ್ತಿನಲ್ಲಿ ಮೂರು ದಾರಿಗಳು ಕಾಣುತ್ತವೆ. ಸ್ಯಾಂಪಲ್ ಇಳಿಸಿ 24ಕ್ಕೆ ಮುಗಿಸಿಬಿಡುವುದು ಒಂದು, ಆದರೆ ಹಾಗೆ ಮಾಡಿದರೆ ನಿಜವಾದ ವ್ಯತ್ಯಾಸ ಇದ್ದರೂ ಕಾಣದೆ ಹೋಗುತ್ತದೆ. ಚೊಚ್ಚಲು ಎಂಬ ಷರತ್ತು ಸಡಿಲಿಸುವುದು ಇನ್ನೊಂದು, ಅದು ಮೂಲ ಪ್ರಶ್ನೆಯನ್ನೇ ಬದಲಿಸುತ್ತದೆ. ದೊಡ್ಡ ಆಸ್ಪತ್ರೆಗೆ ಹೋಗುವುದು ಮೂರನೆಯದು. ತಿಂಗಳಿಗೆ 150 ಸಿಸೇರಿಯನ್ ಆಗುವ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ಅದೇ ಲೆಕ್ಕ ಹಾಕಿದರೆ ತಿಂಗಳಿಗೆ 45 ಅರ್ಹ ತಾಯಂದಿರು ಸಿಗುತ್ತಾರೆ. ಎಲ್ಲರೂ ಒಪ್ಪದಿದ್ದರೂ ಎರಡು ತಿಂಗಳಲ್ಲಿ ಕೆಲಸ ಆಗುತ್ತದೆ. ಅವಳು ಮೂರನೆಯದನ್ನು ಆರಿಸಿಕೊಂಡಳು.

ಅಲ್ಲಿ ಇನ್ನೊಂದು ತೊಡಕು. ಬಾಣಂತಿ ವಾರ್ಡಿನಲ್ಲಿ ಹಾಸಿಗೆಗಳು ಒಂದಕ್ಕೊಂದು ತಾಗಿದಂತಿರುತ್ತವೆ. ಒಬ್ಬಳಿಗೆ ಕಲಿಸಿದ್ದನ್ನು ಪಕ್ಕದವಳು ನೋಡಿ, "ಅಕ್ಕ, ನಂಗೂ ಹಂಗೇ ಇಡೋಕೆ ಹೇಳ್ಕೊಡಿ" ಎನ್ನದೆ ಇರುತ್ತಾಳೆಯೇ? ಹಾಗಾದರೆ ಎರಡು ಗುಂಪುಗಳ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. ಅದಕ್ಕೆ ಮೊದಲ ತಿಂಗಳು ಹೋಲಿಕೆ ಗುಂಪಿನ 32 ಜನರನ್ನು ಅಳೆದು, ಅವರೆಲ್ಲ ಮನೆಗೆ ಹೋಗುವಷ್ಟು ದಿನ ಬಿಟ್ಟು, ಆಮೇಲೆ ಕಲಿಸುವ ಗುಂಪನ್ನು ಆರಂಭಿಸುವುದೆಂದು ತೀರ್ಮಾನಿಸಿದಳು. ಚೀಟಿ ಎತ್ತಿ ಗುಂಪು ಮಾಡುವ ಪ್ರಯೋಗಕ್ಕೆ ಇರುವ ಬಲ ಇದಕ್ಕಿಲ್ಲ. ಎರಡನೆಯ ತಿಂಗಳಲ್ಲಿ ವಾರ್ಡಿಗೆ ಒಳ್ಳೆಯ ಸಿಸ್ಟರ್ ಒಬ್ಬರು ವರ್ಗವಾಗಿ ಬಂದರೆ ಆ ಫಲವೂ ನಮ್ಮ ಲೆಕ್ಕಕ್ಕೇ ಸೇರಿಬಿಡಬಹುದು. ಆ ಮಿತಿಯನ್ನು ಪ್ರಬಂಧದಲ್ಲಿ ನೇರವಾಗಿ ಬರೆಯಬೇಕು, ಶೀರ್ಷಿಕೆಯಲ್ಲೂ ಇದು ಅರೆ-ಪ್ರಾಯೋಗಿಕ ಅಧ್ಯಯನ ಎಂದು ಹೇಳಬೇಕು. ಹೋಲಿಕೆ ಗುಂಪಿನವರಿಗೆ ವಾರ್ಡಿನ ಎಂದಿನ ಸಹಾಯ ಒಂದಿಷ್ಟೂ ತಪ್ಪಕೂಡದು, 48 ಗಂಟೆಯ ಅಳತೆ ಮುಗಿದ ಮೇಲೆ ಮನೆಗೆ ಹೋಗುವ ಮುನ್ನ ಅವರಿಗೂ ಈ ಭಂಗಿ ತೋರಿಸಿಕೊಡಬೇಕು. ನೈತಿಕ ಸಮಿತಿ ಕೇಳುವ ಮೊದಲ ಪ್ರಶ್ನೆಯೇ ಅದು. ತಾಯಂದಿರ ಆರೈಕೆಯಲ್ಲಿ ಏನನ್ನೋ ಬದಲಿಸಿ ನೋಡುವ ಅಧ್ಯಯನವಾದ್ದರಿಂದ, ಮೊದಲ ತಾಯಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ನೋಂದಾಯಿಸುವುದೂ ಒಳ್ಳೆಯದು, ಅದಕ್ಕೆ ಶುಲ್ಕವಿಲ್ಲ.

ಇಷ್ಟೆಲ್ಲ ಆದ ಮೇಲೆ ಶೀರ್ಷಿಕೆ ಬರೆಯುವುದು ಅರ್ಧ ಗಂಟೆಯ ಕೆಲಸ: 'ಸಿಸೇರಿಯನ್ ಆದ ಚೊಚ್ಚಲ ಬಾಣಂತಿಯರಿಗೆ ಹಾಸಿಗೆಯ ಪಕ್ಕದಲ್ಲಿ ಫುಟ್‌ಬಾಲ್ ಹೋಲ್ಡ್ ಕಲಿಸುವುದರಿಂದ 48 ಗಂಟೆಯ ಲ್ಯಾಚ್ ಅಂಕ ಮತ್ತು ಹಾಲುಣಿಸುವಾಗಿನ ಗಾಯದ ನೋವಿನ ಮೇಲಾಗುವ ಪರಿಣಾಮ: ಒಂದು ಅರೆ-ಪ್ರಾಯೋಗಿಕ ಅಧ್ಯಯನ.' ಒಂದೊಂದು ಮಾತಿನ ಮೇಲೂ ಬೆರಳಿಟ್ಟು 'ಇದು ಯಾರು, ಇದು ಎಷ್ಟು ಹೊತ್ತು, ಇದನ್ನು ಯಾವುದರಿಂದ ಅಳೆದಿರಿ' ಎಂದು ಯಾರಾದರೂ ಕೇಳಿದರೆ ಅವಳ ಬಳಿ ಉತ್ತರವಿದೆ. ಆಸ್ಪತ್ರೆಯ ಹೆಸರು ಶೀರ್ಷಿಕೆಯಲ್ಲಿ ಬೇಕಾಗಿಲ್ಲ, ವಿಧಾನದ ಅಧ್ಯಾಯದಲ್ಲಿ ಬಂದರೆ ಸಾಕು.

ಉದ್ದೇಶಗಳಿಗೆ ಬರೋಣ. ಶೀರ್ಷಿಕೆ ಸರಿಯಿದ್ದೂ ಉದ್ದೇಶಗಳಲ್ಲಿ ಹಳಿ ತಪ್ಪಿದ ಸಿನಾಪ್ಸಿಸ್‌ಗಳು ಬೇಕಾದಷ್ಟಿವೆ. ರೂಢಿಯಲ್ಲಿ ಕೊನೆಗೊಂದು ಉದ್ದೇಶ ತಾನಾಗಿಯೇ ಬಂದು ಕೂರುತ್ತದೆ: 'ಅಂಕಗಳಿಗೂ ಆಯ್ದ ಸಾಮಾಜಿಕ ಅಂಶಗಳಿಗೂ ಇರುವ ಸಂಬಂಧ ಕಂಡುಹಿಡಿಯುವುದು.' ವಯಸ್ಸು, ಧರ್ಮ, ಓದು, ಉದ್ಯೋಗ, ಆದಾಯ, ಕುಟುಂಬದ ಮಾದರಿ ಹೀಗೆ ಹತ್ತು ಅಂಶ ಸೇರಿಸಿ ಒಂದೊಂದಕ್ಕೂ ಕೈ-ವರ್ಗ ಪರೀಕ್ಷೆ ಹಾಕುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪರೀಕ್ಷೆ ಮಾಡಿದರೆ, ಯಾವ ನಿಜವಾದ ನಂಟೂ ಇಲ್ಲದಿದ್ದಾಗಲೂ ಬರೀ ಆಕಸ್ಮಿಕವಾಗಿ ಒಂದಾದರೂ 'ಮಹತ್ವದ್ದು' ಎಂದು ಬರುವ ಸಾಧ್ಯತೆ ಶೇ. 40. ಹಾಗೆ ಬಂದದ್ದಕ್ಕೆ ಚರ್ಚೆಯ ಅಧ್ಯಾಯದಲ್ಲಿ ಒಂದು ಪುಟ ವ್ಯಾಖ್ಯಾನವೂ ಹುಟ್ಟಿಕೊಳ್ಳುತ್ತದೆ. ಕಾರಣ ಹೇಳಲಾಗದ ಅಂಶವನ್ನು ಸೇರಿಸಬೇಡಿ ಎಂಬುದೇ ನನ್ನ ಖಚಿತ ಅಭಿಪ್ರಾಯ. 'ಕರಪತ್ರ ತಯಾರಿಸುವುದು' ಎಂಬುದೂ ಸಂಶೋಧನೆಯ ಉದ್ದೇಶವಲ್ಲ. ಅದು ಮಾಡಬೇಕಾದ ಕೆಲಸ, ಹುಡುಕಬೇಕಾದ ಉತ್ತರವಲ್ಲ.

ನಮ್ಮ ವಿದ್ಯಾರ್ಥಿನಿ ಮೂರಕ್ಕೆ ನಿಲ್ಲಿಸಿದಳು. ಮುಖ್ಯ ಉದ್ದೇಶ, 48 ಗಂಟೆಗೆ ಎರಡೂ ಗುಂಪುಗಳ ಸರಾಸರಿ ಲ್ಯಾಚ್ ಅಂಕವನ್ನು ಹೋಲಿಸುವುದು. ಎರಡನೆಯದು, ಅದೇ ಹೊತ್ತಿನಲ್ಲಿ ಹಾಲುಣಿಸುವಾಗ ಗಾಯದ ನೋವು ಎಷ್ಟೆಂದು ತಾಯಿಯೇ 0ಯಿಂದ 10ರವರೆಗಿನ ಅಳತೆಯಲ್ಲಿ ಹೇಳಿದ್ದನ್ನು ಹೋಲಿಸುವುದು. ಮೂರನೆಯದು, ಆ 48 ಗಂಟೆಯಲ್ಲಿ ಎದೆಹಾಲು ಬಿಟ್ಟು ಬೇರೇನಾದರೂ ಕುಡಿಸಿದ ಮಕ್ಕಳ ಪ್ರಮಾಣವನ್ನು ಎರಡೂ ಗುಂಪುಗಳಲ್ಲಿ ಹೋಲಿಸುವುದು. ಸ್ಯಾಂಪಲ್ ಲೆಕ್ಕ ಹಾಕಿದ್ದು ಮೊದಲನೆಯದಕ್ಕೆ ಮಾತ್ರ, ಆದ್ದರಿಂದ ಉಳಿದ ಎರಡರ ಫಲಿತಾಂಶವನ್ನು ಹಗುರವಾಗಿಯೇ ಹೇಳಬೇಕು. ಆರು ತಿಂಗಳವರೆಗೆ ಈ ತಾಯಂದಿರು ಎದೆಹಾಲನ್ನೇ ಕೊಟ್ಟರೇ ಎಂಬುದಕ್ಕೆ ಈ ಅಧ್ಯಯನದಲ್ಲಿ ಉತ್ತರವಿಲ್ಲ.

ಉದ್ದೇಶ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಖಾಲಿ ಹಾಳೆಯಲ್ಲಿ ಫಲಿತಾಂಶದ ಕೋಷ್ಟಕವನ್ನು ಮೊದಲೇ ಎಳೆದುಬಿಡಬೇಕು, ಅಂಕಿಗಳ ಜಾಗ ಖಾಲಿ ಬಿಟ್ಟು. ಮೊದಲ ಉದ್ದೇಶಕ್ಕೆ ಎರಡು ಸಾಲು, ಕಲಿಸಿದ ಗುಂಪು, ಹೋಲಿಕೆ ಗುಂಪು. ಎಷ್ಟು ಜನ, ಸರಾಸರಿ, ಚದುರುವಿಕೆ, ವ್ಯತ್ಯಾಸ ಎಂಬ ಅಂಕಣಗಳು. ಪ್ರತಿ ಉದ್ದೇಶಕ್ಕೂ ಒಂದು ಕೋಷ್ಟಕ ಬರೆಯಲು ಬರಬೇಕು. ಯಾವ ಉದ್ದೇಶಕ್ಕೆ ಕೋಷ್ಟಕ ಬರೆಯಲಾಗುವುದಿಲ್ಲವೋ ಅದು ಇನ್ನೂ ಮಸುಕಾಗಿದೆ. ಯಾವ ಕೋಷ್ಟಕಕ್ಕೆ ಉದ್ದೇಶವಿಲ್ಲವೋ ಆ ಮಾಹಿತಿಯನ್ನು ತಾಯಂದಿರಿಂದ ಕೇಳುವ ಹಕ್ಕು ನಮಗಿಲ್ಲ, ಬಾಣಂತಿಯ ಹೊತ್ತು ನಮ್ಮದಲ್ಲ.

ಗೈಡ್‌ಗಳಲ್ಲಿ ಮತ್ತು ಕಾಲೇಜಿನ ಪ್ರಾಂಶುಪಾಲರಲ್ಲಿ ನನ್ನದೊಂದು ಕೋರಿಕೆ. ಸಿನಾಪ್ಸಿಸ್‌ನ ಗಡುವಿಗೆ ಮುಂಚೆ ಪ್ರತಿ ವಿದ್ಯಾರ್ಥಿಯನ್ನೂ ಎರಡು ವಾರ ವಾರ್ಡಿಗೆ ಕಳಿಸಿ, ಪಾಳಿ ಡ್ಯೂಟಿ ಹಚ್ಚದೆ, ಬರೀ ನೋಡುವುದಕ್ಕೆ ಮತ್ತು ರಿಜಿಸ್ಟರ್ ಎಣಿಸುವುದಕ್ಕೆ. ಹಳೆಯ ಪ್ರಬಂಧಗಳ ಕಪಾಟನ್ನು ಅವರು ಆಮೇಲೆ ತೆರೆಯಲಿ.